ಪರಿಚಯವಿಲ್ಲದ ಕಾಫಿ ತೋಟದವರಿಗೆ ಇಮೇಲ್: ಉತ್ತರ ತರುವ ಮೊದಲೆರಡು ಸಾಲು

ಹಾಸನ, ಚಿಕ್ಕಮಗಳೂರು ಕಡೆ ಕೂತು ವೆಬ್‌ಸೈಟ್, ಫೋಟೋ, ಪ್ಯಾಕೆಟ್ ಡಿಸೈನ್ ಕೆಲಸ ಮಾಡುವವರಿಗೆ ಗಿರಾಕಿಗಳು ಬೆಂಗಳೂರಲ್ಲೇ ಇರಬೇಕು ಅಂತೇನಿಲ್ಲ. ತಮ್ಮದೇ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಆನ್‌ಲೈನಲ್ಲಿ ಮಾರುವವರು ಪಕ್ಕದಲ್ಲೇ ಇದ್ದಾರೆ. ಆದರೆ ಅವರಿಗೆ ನಾವು ಯಾರು ಅಂತ ಗೊತ್ತಿಲ್ಲ. ಗೊತ್ತಿಲ್ಲದವರ ಇಮೇಲ್ ಬಂದಾಗ ಓದಬೇಕಾ ಬೇಡವಾ ಅನ್ನುವುದನ್ನು ಅವರು ಮೊದಲೆರಡು ಸಾಲಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ನೀವು ಕೆಳಗೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ಅಲ್ಲಿವರೆಗೆ ಯಾರೂ ಬಂದಿರುವುದಿಲ್ಲ.

ಹಾಗಾಗಿ ಇಲ್ಲಿ ಇಡೀ ಮೇಲ್ ಬಗ್ಗೆ ಹೇಳುವುದಿಲ್ಲ. ಆ ಎರಡು ಸಾಲನ್ನು ಹೇಗೆ ಕಟ್ಟಬೇಕು ಅನ್ನುವುದಷ್ಟೇ. ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ಬರೆಯುವವರು ಹಾಸನದಲ್ಲಿದ್ದುಕೊಂಡು ಆನ್‌ಲೈನ್ ಅಂಗಡಿಗಳ ಪುಟ ಮಾಡಿಕೊಡುವವರು. ಓದುವವರು ಚಿಕ್ಕಮಗಳೂರಿನ ಹತ್ತಿರದ ಒಂದು ಸಣ್ಣ ತೋಟದ ಮಾಲೀಕರು, ಸ್ವಂತ ವೆಬ್‌ಸೈಟಿನಲ್ಲಿ ಫಿಲ್ಟರ್ ಕಾಫಿ ಪುಡಿ ಮಾರುತ್ತಾರೆ.

ಮೊದಲು ಅವರ ಫೋನಿನಲ್ಲಿ ಏನು ಕಾಣುತ್ತದೆ ನೋಡಿ

ನೀವು ಲ್ಯಾಪ್‌ಟಾಪ್ ಮುಂದೆ ಕೂತು ಬರೆಯುತ್ತೀರಿ. ಅವರು ಕಣದ ಹತ್ತಿರ ನಿಂತು ಫೋನಿನಲ್ಲಿ ನೋಡುತ್ತಾರೆ. ಅಲ್ಲಿ ಮೇಲ್ ತೆರೆಯುವ ಮೊದಲು ಕಾಣುವುದು ಮೂರೇ: ಕಳಿಸಿದವರ ಹೆಸರು, ವಿಷಯದ ಸಾಲು, ಅದರ ಕೆಳಗೆ ಮೇಲ್‌ನ ಮೊದಲ ಕೆಲವು ಪದಗಳು. ಆ ಕೊನೆಯದು ತಾನಾಗಿಯೇ ನಿಮ್ಮ ಮೊದಲ ಸಾಲಿನಿಂದ ಬರುತ್ತದೆ. ಎಷ್ಟು ಪದ ಕಾಣುತ್ತದೆ ಅನ್ನುವುದು ಫೋನಿನ ಮೇಲೆ, ಅಕ್ಷರದ ಗಾತ್ರದ ಮೇಲೆ ಹೋಗುತ್ತದೆ. ಕನ್ನಡದಲ್ಲಿ ಪದಗಳು ಉದ್ದ, ಅದಕ್ಕೇ ಐದಾರು ಪದ ಕಂಡರೆ ಜಾಸ್ತಿ ಅಂದುಕೊಂಡೇ ಬರೆಯಿರಿ.

ಈಗ ಯೋಚನೆ ಮಾಡಿ. ನಿಮ್ಮ ಮೇಲ್ "ನಮಸ್ಕಾರ ಸರ್, ತಾವು ಕ್ಷೇಮವಾಗಿದ್ದೀರಿ ಎಂದು ಭಾವಿಸುತ್ತೇನೆ" ಅಂತ ಶುರುವಾದರೆ ಆ ಐದಾರು ಪದ ಅದರಲ್ಲೇ ಮುಗಿದುಹೋಯಿತು. "ನನ್ನ ಹೆಸರು ಇಂಥದ್ದು, ನಾನು ಐದು ವರ್ಷದಿಂದ" ಅಂದರೂ ಅಷ್ಟೇ. ಹೆಸರು ಹೇಗೂ ಮೇಲೆ ಕಾಣುತ್ತಿದೆಯಲ್ಲ, ಮತ್ತೆ ಯಾಕೆ ಹೇಳಬೇಕು? ಮೇಲ್‌ನ ತಲೆಯಲ್ಲಿ ಲೋಗೋ ಚಿತ್ರ ಇಟ್ಟರಂತೂ ಇನ್ನೂ ಕೆಟ್ಟದ್ದು, ನೋಡಿದ ಕೂಡಲೇ ಯಾವುದೋ ಕಂಪನಿಯ ಜಾಹೀರಾತು ಅನ್ನಿಸುತ್ತದೆ.

ಹೆಸರಿನ ಜಾಗವನ್ನು ಮಾತ್ರ ಸರಿ ಮಾಡಿಕೊಳ್ಳಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಸೆಟ್ಟಿಂಗ್ಸ್‌ನ Accounts and Import ಒಳಗೆ Send mail as ಅಂತ ಇರುತ್ತದೆ, ಅಲ್ಲಿ ಹೆಸರು ಬದಲಾಯಿಸಬಹುದು. ನಿಮ್ಮ ಹೆಸರಿನ ಪಕ್ಕ ಊರಿನ ಹೆಸರು ಸೇರಿಸಿ. "ಹಾಸನ" ಅಂತ ಕಂಡರೆ ದೂರದ ಯಾವುದೋ ಏಜೆನ್ಸಿಯ ಮೇಲ್ ಅಲ್ಲ ಅನ್ನುವುದಾದರೂ ಗೊತ್ತಾಗುತ್ತದೆ. ಇದನ್ನು ಒಂದು ಸಲ ಮಾಡಿಟ್ಟರೆ ಮುಗಿಯಿತು.

ಬರೆಯುವ ಮುಂಚೆ ಹುಡುಕುವ ಕೆಲಸ

ಒಳ್ಳೆಯ ಮೊದಲ ಸಾಲು ಭಾಷೆಯಿಂದ ಬರುವುದಿಲ್ಲ, ನೋಡಿದ್ದರಿಂದ ಬರುತ್ತದೆ. ಇಲ್ಲಿಯೇ ಜಾಸ್ತಿ ಸಮಯ ಹಾಕಬೇಕು. ಒಂದು ಮೇಲ್‌ಗೆ ಅರ್ಧ ಗಂಟೆ ಹಿಡಿದರೆ ಅದರಲ್ಲಿ ಇಪ್ಪತ್ತೈದು ನಿಮಿಷ ನೋಡುವುದಕ್ಕೇ ಹೋಗಲಿ.

ಅವರ ವೆಬ್‌ಸೈಟನ್ನು ನಿಮ್ಮ ಫೋನಿನಲ್ಲೇ ತೆರೆಯಿರಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ. ಪುಡಿ ಕೊಳ್ಳಲು ಬಂದ ಒಬ್ಬ ಗಿರಾಕಿ ಏನೇನು ಮಾಡುತ್ತಾನೋ ಅದನ್ನೇ ಮಾಡಿ. ಪುಟ ತೆರೆಯಿರಿ, ಫೋಟೋ ದೊಡ್ಡದು ಮಾಡಿ ನೋಡಿ, ತೂಕ ಆರಿಸಿ, ಪಿನ್‌ಕೋಡ್ ಹಾಕಿ, ಹಣ ಕಟ್ಟುವ ಪುಟದವರೆಗೆ ಹೋಗಿ. ಆಮೇಲೆ ಕೆಳಗಿನ ವಿಮರ್ಶೆಗಳನ್ನು ಓದಿ. ಐದು ಸ್ಟಾರ್ ಕೊಟ್ಟು "ಸೂಪರ್" ಅಂದವುಗಳನ್ನು ಬಿಡಿ. ಪ್ರಶ್ನೆ ಕೇಳಿದವುಗಳನ್ನು ಹುಡುಕಿ. ಗಿರಾಕಿ ತನ್ನ ಬಾಯಿಂದಲೇ ಕೇಳಿ, ಉತ್ತರ ಸಿಗದೆ ಹಾಗೇ ಬಿದ್ದಿರುವ ಪ್ರಶ್ನೆಗಿಂತ ಒಳ್ಳೆಯ ಸಾಮಗ್ರಿ ಮೊದಲ ಸಾಲಿಗೆ ಬೇರೆ ಇಲ್ಲ. ಅದು ನಿಮ್ಮ ಅಭಿಪ್ರಾಯವಲ್ಲ, ಅವರ ಗಿರಾಕಿಯ ಮಾತು. ಮಾಲೀಕರು ಅದರ ಜೊತೆ ವಾದ ಮಾಡುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು ಇದು ಅಂದುಕೊಳ್ಳಿ. 250 ಗ್ರಾಂ ಫಿಲ್ಟರ್ ಪುಡಿಯ ಪುಟದಲ್ಲಿ ಮೂವರು ಬೇರೆ ಬೇರೆ ದಿನ ಒಂದೇ ಪ್ರಶ್ನೆ ಕೇಳಿದ್ದಾರೆ: ಇದರಲ್ಲಿ ಚಿಕೋರಿ ಎಷ್ಟಿದೆ? ನಮ್ಮ ಕಡೆ ಫಿಲ್ಟರ್ ಕಾಫಿ ಕುಡಿಯುವವರಿಗೆ ಇದು ದೊಡ್ಡ ವಿಷಯ. 80:20 ಕುಡಿಯುವವರು 60:40 ಪುಡಿ ಮುಟ್ಟುವುದಿಲ್ಲ, ಚಿಕೋರಿಯೇ ಬೇಡ ಅನ್ನುವವರೂ ಇದ್ದಾರೆ. ಉತ್ತರ ಇಲ್ಲವೇ ಇಲ್ಲ ಅಂತಲ್ಲ. ಚಿಕೋರಿ ಬೆರೆಸಿದ ಕಾಫಿ ಪ್ಯಾಕೆಟ್ ಮೇಲೆ ಕಾಫಿ ಎಷ್ಟು ಪರ್ಸೆಂಟ್, ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆಯಲೇಬೇಕು ಅನ್ನುವುದು ನಿಯಮ, ಅವರೂ ಬರೆದಿದ್ದಾರೆ. ಆದರೆ ವೆಬ್‌ಸೈಟಿನಲ್ಲಿ ಅದು ಪ್ಯಾಕೆಟ್ಟಿನ ಹಿಂಭಾಗದ ಫೋಟೋದಲ್ಲಿ ಮಾತ್ರ ಇದೆ, ಅದೂ ನಾಲ್ಕನೇ ಫೋಟೋ. ಫೋನಿನಲ್ಲಿ ಎಷ್ಟು ಎಳೆದು ದೊಡ್ಡದು ಮಾಡಿದರೂ ಮಸುಕು.

ಇಷ್ಟು ಸಿಕ್ಕಿದರೆ ನಿಲ್ಲಿಸಿ. ಇನ್ನೂ ಹತ್ತು ತಪ್ಪು ಕಾಣಬಹುದು: ಪುಟ ನಿಧಾನ, ಹುರಿದ ದಿನಾಂಕ ಇಲ್ಲ, ಬಟನ್ ಬಣ್ಣ ಸರಿಯಿಲ್ಲ. ಅವನ್ನೆಲ್ಲ ನಿಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ, ಮೇಲ್‌ಗೆ ಬೇಡ. ಪಟ್ಟಿ ಕೊಟ್ಟರೆ ಮಾಲೀಕರಿಗೆ ಇನ್‌ಸ್ಪೆಕ್ಟರ್ ಮನೆಗೆ ಬಂದ ಹಾಗೆ ಅನ್ನಿಸುತ್ತದೆ.

ಯಾವ ಒಂದನ್ನು ಆರಿಸಬೇಕು? ನೀವು ಮಾಡಿಕೊಡುವ ಕೆಲಸಕ್ಕೆ ನೇರವಾಗಿ ಸೇರಿದ್ದು, ಅವರು ಒಂದೇ ನಿಮಿಷದಲ್ಲಿ ತಮ್ಮ ಫೋನಿನಲ್ಲೇ ನೋಡಿ ಹೌದಲ್ಲ ಅನ್ನಬಹುದಾದದ್ದು, ಮತ್ತು ಅವರ ಮಾರಾಟಕ್ಕೆ ತಾಗುವಂಥದ್ದು. ಕಾಫಿಯ ರುಚಿ, ತೋಟ ನೋಡಿಕೊಳ್ಳುವ ರೀತಿ, ಬೆಲೆ, ಇವುಗಳಿಗೆ ಕೈ ಹಾಕಬೇಡಿ. ಅದು ಅವರ ಮನೆ ವಿಷಯ, ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಮೊದಲ ಸಾಲು: ಕಂಡದ್ದನ್ನು ಕಂಡ ಹಾಗೆ

ಜನ ಸಾಮಾನ್ಯವಾಗಿ ಬರೆಯುವ ಮೊದಲ ಸಾಲು ಹೀಗಿರುತ್ತದೆ:

"ನಿಮ್ಮ ವೆಬ್‌ಸೈಟ್ ನೋಡಿದೆ, ತುಂಬಾ ಚೆನ್ನಾಗಿದೆ. ಚಿಕ್ಕಮಗಳೂರಿನ ಕಾಫಿ ಅಂದರೆ ನನಗೆ ಬಹಳ ಇಷ್ಟ."

ಇದನ್ನು ಪರೀಕ್ಷೆ ಮಾಡುವ ಒಂದು ಸುಲಭ ದಾರಿ ಇದೆ. ಆ ಸಾಲನ್ನು ಪಕ್ಕದ ತೋಟದವರಿಗೆ ಕಳಿಸಿದರೆ ಅಲ್ಲಿಗೂ ಹೊಂದುತ್ತದಾ? ಹೊಂದುತ್ತದೆ. ಹಾಗಾದರೆ ಅದನ್ನು ಓದಿದವರಿಗೆ ಇದು ಎಲ್ಲರಿಗೂ ಕಳಿಸಿದ ಮೇಲ್ ಅಂತ ತಕ್ಷಣ ಗೊತ್ತಾಗುತ್ತದೆ. "ಈ ಸಲ ಹೂಮಳೆ ಚೆನ್ನಾಗಿ ಆಯ್ತಾ ಸರ್?" ಅಂತ ಶುರು ಮಾಡುವ ಜಾಣರೂ ಇದ್ದಾರೆ. ಊರಿನವರ ಮಾತಿನ ಹಾಗೇ ಇದೆ, ನಿಜ. ಆದರೆ ಮೂಡಿಗೆರೆಯಿಂದ ಸಕಲೇಶಪುರದವರೆಗೆ ಯಾವ ತೋಟದವರಿಗೂ ಅದು ಹೊಂದುತ್ತದೆ, ಮೇಲಾಗಿ ಮುಂದಿನ ಸಾಲಲ್ಲೇ ನೀವು ವ್ಯಾಪಾರದ ಮಾತು ಎತ್ತಿದಾಗ ಆ ಕುಶಲ ಪ್ರಶ್ನೆ ಸುಮ್ನೆ ನಾಟಕ ಅನ್ನಿಸುತ್ತದೆ.

ಇನ್ನೊಂದು ಬಗೆ ಹೆದರಿಸುವುದು: "ನಿಮ್ಮ ಪುಟದಲ್ಲಿ ದೊಡ್ಡ ತಪ್ಪಿದೆ, ಇದರಿಂದ ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದೀರಿ." ಎಷ್ಟು ಗಿರಾಕಿ ಹೋದರು ಅಂತ ನಿಮಗೆ ಗೊತ್ತಾ? ಗೊತ್ತಿಲ್ಲ ತಾನೇ? ಗೊತ್ತಿಲ್ಲದ್ದನ್ನು ಬರೆಯಬೇಡಿ. ಚಿಕೋರಿ ವಿಷಯದಲ್ಲಿ ನಿಯಮ ಇದೆ ಅಂತ ಅದನ್ನು ಮೊದಲ ಸಾಲಲ್ಲಿ ತೋರಿಸುವುದೂ ಬೇಡ. ಕಾನೂನಿನ ಮಾತು ಕೇಳಿದ ಕೂಡಲೇ ಜನ ಹುಷಾರಾಗುತ್ತಾರೆ, ಹುಷಾರಾದವರು ಉತ್ತರ ಬರೆಯುವುದಿಲ್ಲ.

ಈಗ ಕಂಡದ್ದನ್ನಷ್ಟೇ ಬರೆದು ನೋಡೋಣ. ಮೊದಲ ಪ್ರಯತ್ನ:

"ನಾನು ಇತ್ತೀಚೆಗೆ ನಿಮ್ಮ ವೆಬ್‌ಸೈಟನ್ನು ಗಮನಿಸುತ್ತಿದ್ದಾಗ ನಿಮ್ಮ ಫಿಲ್ಟರ್ ಕಾಫಿ ಪುಡಿಯ ಪುಟದಲ್ಲಿ ಕೆಲವು ಗಿರಾಕಿಗಳು ಚಿಕೋರಿ ಪ್ರಮಾಣದ ಬಗ್ಗೆ ವಿಚಾರಿಸಿರುವುದು ಕಂಡುಬಂತು."

ವಿಷಯ ಸರಿ ಇದೆ, ಆದರೆ ಅದು ಬರುವ ಹೊತ್ತಿಗೆ ಫೋನಿನ ಸಾಲು ಮುಗಿದಿರುತ್ತದೆ. ಮೊದಲ ಐದು ಪದ ಪೂರ್ತಿ ನೀವು ಏನು ಮಾಡುತ್ತಿದ್ದಿರಿ ಅನ್ನುವುದರ ಬಗ್ಗೆಯೇ ಇದೆ. "ಕೆಲವು ಗಿರಾಕಿಗಳು" ಅನ್ನುವುದು ಅಂದಾಜಿನ ಮಾತು. "ನಾನು ಇತ್ತೀಚೆಗೆ" ತೆಗೆಯಿರಿ, "ಗಮನಿಸುತ್ತಿದ್ದಾಗ" ತೆಗೆಯಿರಿ, "ಕೆಲವು" ಇರುವಲ್ಲಿ "ಮೂವರು" ಅನ್ನಿ, "ವಿಚಾರಿಸಿರುವುದು ಕಂಡುಬಂತು" ಅನ್ನುವ ಕಚೇರಿ ಭಾಷೆ ಬಿಟ್ಟು "ಕೇಳಿದ್ದಾರೆ" ಅನ್ನಿ:

"ನಿಮ್ಮ 250 ಗ್ರಾಂ ಫಿಲ್ಟರ್ ಪುಡಿ ಪುಟದಲ್ಲಿ ಮೂವರು 'ಚಿಕೋರಿ ಎಷ್ಟಿದೆ' ಅಂತ ಕೇಳಿದ್ದಾರೆ. ಉತ್ತರ ಪ್ಯಾಕೆಟ್ ಹಿಂಭಾಗದ ಫೋಟೋದಲ್ಲಿದೆ, ಆದರೆ ಫೋನಿನಲ್ಲಿ ಓದಲು ಆಗುತ್ತಿಲ್ಲ."

ಇದರಲ್ಲಿ ಹೊಗಳಿಕೆ ಇಲ್ಲ, ಬೈಗುಳವೂ ಇಲ್ಲ. "ಉತ್ತರ ಪ್ಯಾಕೆಟ್ ಹಿಂಭಾಗದ ಫೋಟೋದಲ್ಲಿದೆ" ಅನ್ನುವ ಭಾಗವನ್ನು ಗಮನಿಸಿ, ಅದನ್ನು ಬಿಡಬೇಡಿ. ನೀವು ಮರೆಮಾಡಿಲ್ಲ, ಬರೆದಿದ್ದೀರಿ, ಕಾಣುತ್ತಿಲ್ಲ ಅಷ್ಟೇ, ಅನ್ನುವುದನ್ನು ಅದು ಹೇಳುತ್ತದೆ. ಮಾಲೀಕರ ಮಾನ ಉಳಿಯುತ್ತದೆ. ಪುಟಕ್ಕೆ ಹೋಗಿ ನಾಲ್ಕನೇ ಫೋಟೋವರೆಗೆ ನೋಡಿದ್ದೀರಿ ಅನ್ನುವುದು ಬೇರೆ ಹೇಳದೆಯೇ ಗೊತ್ತಾಗುತ್ತದೆ.

ನಮಸ್ಕಾರ ಬಿಡಬೇಕಾ? ಬೇಡ, ನಮ್ಮ ಕಡೆ ಅದು ಇಲ್ಲದೆ ಶುರು ಮಾಡಿದರೆ ಒರಟು. "ನಮಸ್ಕಾರ ಸರ್" ಅಂತ ಹಾಕಿ ಅದೇ ಸಾಲಲ್ಲಿ ಮುಂದುವರಿಯಿರಿ. ಮಾಲೀಕರು ಗಂಡಸರೋ ಹೆಂಗಸರೋ ಗೊತ್ತಿಲ್ಲದಿದ್ದರೆ ಬರೀ "ನಮಸ್ಕಾರ" ಸಾಕು. ಮಲೆನಾಡಿನ ಎಷ್ಟೋ ಕಾಫಿ ಬ್ರ್ಯಾಂಡ್‌ಗಳನ್ನು ಮನೆಯ ಸೊಸೆಯೋ ಮಗಳೋ ನಡೆಸುತ್ತಿರುತ್ತಾರೆ, ಸುಮ್ಮನೆ "ಸರ್" ಅಂದು ಮೊದಲ ಪದದಲ್ಲೇ ಎಡವಬೇಡಿ. "ಗೌರವಾನ್ವಿತ ಮಹನೀಯರೇ" ಅರ್ಜಿಗೆ ಇರಲಿ.

ಕನ್ನಡವೋ ಇಂಗ್ಲಿಷೋ ಅಂತ ಕೇಳುವವರಿಗೆ: ಅವರ ಇನ್‌ಸ್ಟಾಗ್ರಾಂ ನೋಡಿ, ಗಿರಾಕಿಗಳ ಕಾಮೆಂಟಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡುತ್ತಾರೋ ಅದರಲ್ಲೇ ಬರೆಯಿರಿ. ಎರಡರಲ್ಲೂ ಕೊಡುತ್ತಿದ್ದರೆ ನನ್ನ ಮತ ಕನ್ನಡಕ್ಕೆ. ಅವರ ಇನ್‌ಬಾಕ್ಸಿಗೆ ಬರುವ ವ್ಯಾಪಾರದ ಮೇಲ್‌ಗಳಲ್ಲಿ ಕನ್ನಡದ್ದು ಅಪರೂಪ, ಕಣ್ಣಿಗೆ ಬೀಳುತ್ತದೆ.

ಎರಡನೇ ಸಾಲು: ಒಂದು ಪದದಲ್ಲಿ ಉತ್ತರಿಸಬಹುದಾದ ಪ್ರಶ್ನೆ

ಮೊದಲ ಸಾಲು ಓದಿ ಅವರು "ಹೌದಲ್ಲ" ಅಂದರು ಅನ್ನಿ. ಈಗ ನೀವು ಪ್ರಶ್ನೆ ಕೇಳದಿದ್ದರೆ ಅವರು ಮನಸ್ಸಿನಲ್ಲೇ ಥ್ಯಾಂಕ್ಸ್ ಹೇಳಿ, ಮಗನಿಗೆ ಹೇಳಿ ಪುಟ ಸರಿ ಮಾಡಿಸಿಕೊಂಡು ಸುಮ್ಮನಾಗುತ್ತಾರೆ. ಪ್ರಶ್ನೆ ಬೇಕೇ ಬೇಕು, ಆದರೆ ಎಂಥ ಪ್ರಶ್ನೆ ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ.

"ಈ ವಾರ ಹದಿನೈದು ನಿಮಿಷ ಕಾಲ್‌ನಲ್ಲಿ ಮಾತಾಡೋಣವೇ?" ಇದು ಜಾಸ್ತಿಯಾಯಿತು. ಗುರುತಿಲ್ಲದವರಿಗೆ ಯಾರೂ ಹದಿನೈದು ನಿಮಿಷ ಕೊಡುವುದಿಲ್ಲ, ಯಾವ ದಿನ, ಎಷ್ಟು ಹೊತ್ತಿಗೆ ಅಂತ ಯೋಚನೆ ಮಾಡುವುದೇ ಒಂದು ಕೆಲಸ. "ನಿಮ್ಮ ಅಭಿಪ್ರಾಯ ತಿಳಿಸಿ" ಅನ್ನುವುದು ಅತೀ ಸಡಿಲ, ಏನು ತಿಳಿಸಬೇಕು? "ನಮ್ಮ ಸೇವೆಯಲ್ಲಿ ಆಸಕ್ತಿ ಇದೆಯೇ?" ಅಂದರೆ ಇಲ್ಲ ಅನ್ನುವುದೇ ಸುಲಭ.

ಫೋನಿನಲ್ಲಿ ಒಂದೇ ಬೆರಳಿನಲ್ಲಿ "ಕಳಿಸಿ" ಅಂತ ಟೈಪ್ ಮಾಡಿ ಮುಗಿಸಬಹುದಾದ ಪ್ರಶ್ನೆ ಕೇಳಿ. ಅದಕ್ಕೆ ನಿಮ್ಮ ಕೈಯಲ್ಲಿ ಕೊಡುವುದಕ್ಕೆ ಏನಾದರೂ ಇರಬೇಕು. ನಮ್ಮ ಉದಾಹರಣೆಯಲ್ಲಿ ಅವರ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬೆಲೆಯ ಕೆಳಗೆ "ಕಾಫಿ 80%, ಚಿಕೋರಿ 20%" ಅನ್ನುವ ಒಂದು ಸಾಲು ಕೂರಿಸಿದರೆ ಹೇಗಿರುತ್ತದೆ ಅಂತ ಒಂದು ಚಿತ್ರ ಮಾಡಿಕೊಳ್ಳಿ. ಸಂಖ್ಯೆ ಫೋಟೋದಲ್ಲಿ ಓದಲು ಆಗದಿದ್ದರೆ ಆ ಜಾಗ ಖಾಲಿ ಬಿಡಿ, ಊಹಿಸಿ ಬರೆಯಬೇಡಿ. ನಿಮಗೆ ಹತ್ತು ನಿಮಿಷದ ಕೆಲಸ. ಅದನ್ನು ಮೊದಲ ಮೇಲ್‌ಗೇ ಅಂಟಿಸಬೇಡಿ. ಗೊತ್ತಿಲ್ಲದವರಿಂದ ಬಂದ ಅಟ್ಯಾಚ್‌ಮೆಂಟ್ ಅಂದರೆ ಜನ ಹೆದರುತ್ತಾರೆ, ಹೆದರಬೇಕಾದ್ದೇ. ಅಲ್ಲದೆ ಚಿತ್ರ ಅಲ್ಲೇ ಸಿಕ್ಕಿಬಿಟ್ಟರೆ ಉತ್ತರ ಬರೆಯಲು ಅವರಿಗೆ ಕಾರಣವೇ ಉಳಿಯುವುದಿಲ್ಲ.

"ಅದನ್ನು ಬೆಲೆಯ ಕೆಳಗೇ ಹಾಕಿದರೆ ಪುಟ ಹೇಗೆ ಕಾಣುತ್ತದೆ ಅಂತ ಒಂದು ಚಿತ್ರ ಮಾಡಿದ್ದೇನೆ, ಕಳಿಸಲಾ?"

ಚಿತ್ರ ಮಾಡದೆ "ಮಾಡಿದ್ದೇನೆ" ಅಂತ ಮಾತ್ರ ಬರೆಯಬೇಡಿ. ಅವರು ಐದೇ ನಿಮಿಷಕ್ಕೆ "ಕಳಿಸಿ" ಅಂದರೆ ಏನು ಮಾಡುತ್ತೀರಿ? ಹಾಗೆಯೇ ನೀವು ಅವರ ಗಿರಾಕಿ ಅಲ್ಲದಿದ್ದರೆ "ನಾನು ನಿಮ್ಮ ಕಾಫಿಯನ್ನೇ ಕುಡಿಯುವುದು" ಅನ್ನಬೇಡಿ, ಆರ್ಡರ್ ಪಟ್ಟಿ ಅವರ ಹತ್ತಿರವೇ ಇರುತ್ತದೆ.

ಸೇರಿಸಿ, ನಿಮಗೇ ಕಳಿಸಿ ನೋಡಿ

ಇಡೀ ಮೇಲ್ ಈಗ ಇಷ್ಟು:

ವಿಷಯ: ಫಿಲ್ಟರ್ ಪುಡಿ ಪುಟದ ಚಿಕೋರಿ ಪ್ರಶ್ನೆ

"ನಮಸ್ಕಾರ ಸರ್, ನಿಮ್ಮ 250 ಗ್ರಾಂ ಫಿಲ್ಟರ್ ಪುಡಿ ಪುಟದಲ್ಲಿ ಮೂವರು 'ಚಿಕೋರಿ ಎಷ್ಟಿದೆ' ಅಂತ ಕೇಳಿದ್ದಾರೆ. ಉತ್ತರ ಪ್ಯಾಕೆಟ್ ಹಿಂಭಾಗದ ಫೋಟೋದಲ್ಲಿದೆ, ಆದರೆ ಫೋನಿನಲ್ಲಿ ಓದಲು ಆಗುತ್ತಿಲ್ಲ.

ಅದನ್ನು ಬೆಲೆಯ ಕೆಳಗೇ ಹಾಕಿದರೆ ಪುಟ ಹೇಗೆ ಕಾಣುತ್ತದೆ ಅಂತ ಒಂದು ಚಿತ್ರ ಮಾಡಿದ್ದೇನೆ, ಕಳಿಸಲಾ?

ನಾನು ಹಾಸನದಲ್ಲಿದ್ದೇನೆ, ಸಣ್ಣ ಆನ್‌ಲೈನ್ ಅಂಗಡಿಗಳ ಪುಟ ಮಾಡಿಕೊಡುತ್ತೇನೆ. ನಿಮ್ಮ ವಿಳಾಸ ವೆಬ್‌ಸೈಟಿನ ಸಂಪರ್ಕ ಪುಟದಲ್ಲಿ ಸಿಕ್ಕಿತು."

ಕೆಳಗೆ ಹೆಸರು, ಫೋನ್ ನಂಬರ್. ಬೆಲೆ, ಹಳೆಯ ಕೆಲಸಗಳ ಲಿಂಕ್, ಯಾವುದೂ ಇಲ್ಲ. ವಿಳಾಸ ಎಲ್ಲಿ ಸಿಕ್ಕಿತು ಅಂತ ಹೇಳಿದರೆ "ಯಾರು ನೀವು, ನನ್ನ ಮೇಲ್ ಐಡಿ ಯಾರು ಕೊಟ್ಟರು" ಅನ್ನುವ ಪ್ರಶ್ನೆ ಅಲ್ಲೇ ಮುಗಿಯುತ್ತದೆ. ವಿಷಯದ ಸಾಲಿನಲ್ಲಿ ಸುಳ್ಳು "Re:" ಹಾಕಿ ಮೊದಲೇ ಮಾತಾಡಿದ ಹಾಗೆ ತೋರಿಸುವ ಚಾಳಿ ಕೆಲವರಿಗಿದೆ. ತೆರೆದು ನೋಡುತ್ತಾರೆ, ಮೋಸ ಅಂತ ಗೊತ್ತಾಗುತ್ತದೆ, ಸ್ಪ್ಯಾಮ್ ಬಟನ್ ಒತ್ತುತ್ತಾರೆ.

ಕಳಿಸುವ ಮುಂಚೆ ನಿಮ್ಮದೇ ಇನ್ನೊಂದು ಮೇಲ್ ಐಡಿಗೆ ಕಳಿಸಿ. ಫೋನ್ ಲಾಕ್ ಆಗಿರುವಾಗ ಬರುವ ನೋಟಿಫಿಕೇಶನ್ ನೋಡಿ, ಆಮೇಲೆ ಇನ್‌ಬಾಕ್ಸ್ ಪಟ್ಟಿಯಲ್ಲಿ ನೋಡಿ. "ಫಿಲ್ಟರ್ ಪುಡಿ" ಅನ್ನುವಷ್ಟಾದರೂ ಕಾಣಬೇಕು. ಕಾಣದಿದ್ದರೆ ಅದಕ್ಕಿಂತ ಮುಂಚೆ ಬರುವ ಪದಗಳನ್ನು ಕತ್ತರಿಸಿ. ನಮ್ಮ ಸಾಲಲ್ಲಿ "250 ಗ್ರಾಂ" ತೆಗೆಯಬಹುದು, ಅವರು ಒಂದೇ ತೂಕದಲ್ಲಿ ಮಾರುತ್ತಿದ್ದರೆ ಅದು ಬೇಕಾಗಿಯೇ ಇಲ್ಲ.

ಕಳಿಸುವ ದಿನ ಬೆಳಗ್ಗೆ ಪುಟವನ್ನು ಇನ್ನೊಂದು ಸಲ ತೆರೆದು ನೋಡುವುದನ್ನು ಮರೆಯಬೇಡಿ. ನಡುವೆ ಅವರೇ ಸರಿ ಮಾಡಿರಬಹುದು. ಸರಿಯಾಗಿರುವುದನ್ನು ತಪ್ಪು ಅಂತ ಬರೆದರೆ ಆ ಬಾಗಿಲು ಮುಚ್ಚಿಹೋಯಿತು ಅಂತಲೇ ಲೆಕ್ಕ.

ಕಾಲವನ್ನೂ ನೋಡಿಕೊಳ್ಳಿ. ನವೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು. ಮೊದಲು ಅರೇಬಿಕಾ, ಹಿಂದೆಯೇ ರೊಬಸ್ಟಾ. ಹಗಲೆಲ್ಲ ಆಳುಗಳ ಲೆಕ್ಕ, ಪಲ್ಪಿಂಗ್, ಕಣದ ಕೆಲಸ. ಆಗ ತೋಟದವರಿಗೆ ಬರೆಯುವುದಾದರೆ ರಾತ್ರಿ ಊಟದ ಹೊತ್ತಿಗೆ ಮುಂಚೆ ಮೇಲ್ ತಲುಪುವ ಹಾಗೆ ಕಳಿಸಿ, ಅಥವಾ ಕೊಯ್ಲು ಮುಗಿಯುವವರೆಗೆ ಕಾಯಿರಿ. ಬರೀ ಬೀಜ ಕೊಂಡು ಹುರಿದು ಮಾರುವವರಿಗೆ ಈ ಲೆಕ್ಕ ಇಲ್ಲ.

ಬಂದ ಉತ್ತರದಿಂದ ಏನು ತಿಳಿಯುತ್ತದೆ

ಮೇಲ್ ತೆರೆದರಾ ಇಲ್ಲವಾ ಅಂತ ತೋರಿಸುವ ಟ್ರ್ಯಾಕಿಂಗ್ ಟೂಲ್‌ಗಳನ್ನು ನಂಬಿ ಕೂರಬೇಡಿ. ಅವು ಮೇಲ್‌ನೊಳಗೆ ಅಡಗಿಸಿಟ್ಟ ಒಂದು ಸಣ್ಣ ಚಿತ್ರ ಲೋಡ್ ಆಯಿತಾ ಅನ್ನುವುದರ ಮೇಲೆ ನಡೆಯುತ್ತವೆ. 2021ರಿಂದ ಐಫೋನಿನ ಮೇಲ್ ಆ್ಯಪ್‌ನಲ್ಲಿ ಗೌಪ್ಯತೆಯ ಆಯ್ಕೆ ಆನ್ ಇದ್ದರೆ ಚಿತ್ರಗಳನ್ನು ಆಪಲ್ ತಾನೇ ಮೊದಲು ಲೋಡ್ ಮಾಡಿಬಿಡುತ್ತದೆ, ಓದುಗರು ಮುಟ್ಟದಿದ್ದರೂ "ತೆರೆದಿದ್ದಾರೆ" ಅಂತ ತೋರಿಸುತ್ತದೆ. ಉತ್ತರ ಬಂತಾ, ಏನಂತ ಬಂತು, ಅಷ್ಟನ್ನೇ ಬರೆದಿಟ್ಟುಕೊಳ್ಳಿ.

"ಥ್ಯಾಂಕ್ಸ್, ನೋಡುತ್ತೇವೆ" ಅಂತ ಬಂದರೆ ಮೊದಲ ಸಾಲು ಕೆಲಸ ಮಾಡಿದೆ, ಎರಡನೆಯದು ಸೋತಿದೆ. ನೀವು ಕೊಡುತ್ತೇನೆ ಅಂದದ್ದು ಅವರಿಗೆ ಬೇಕು ಅನ್ನಿಸಿಲ್ಲ. "ನಿಮ್ಮ ರೇಟ್ ಎಷ್ಟು?" ಅಂದರೆ ಖುಷಿಯಾಗಿ ತಕ್ಷಣ ಸಂಖ್ಯೆ ಬರೆಯಬೇಡಿ. ಮೊದಲು ಚಿತ್ರ ಕಳಿಸಿ, ಅದೇ ಮೇಲ್‌ನಲ್ಲಿ ಎಷ್ಟು ಪುಟದ ಕೆಲಸ ಇದೆ ಅಂತ ಕೇಳಿ. "ಇದು ವೆಬ್‌ಸೈಟ್ ಮಾಡಿದವರ ಕೆಲಸ, ಅವರಿಗೆ ಹೇಳುತ್ತೇನೆ" ಅಂದರೆ ಅವರಿಗೆ ಈಗಾಗಲೇ ಜನ ಇದ್ದಾರೆ, ಚಿತ್ರ ಕಳಿಸಿ ಅಲ್ಲಿಗೆ ಬಿಡಿ. ಒಂದೇ ತೆರನ ಮೇಲ್ ಹತ್ತಾರು ಜನಕ್ಕೆ ಹೋಗಿಯೂ ಯಾರೂ ಏನೂ ಬರೆಯದಿದ್ದರೆ ಸಾಲಿಗಿಂತ ಮೊದಲು ವಿಳಾಸವನ್ನು ಅನುಮಾನಿಸಿ. info ಅಂತ ಶುರುವಾಗುವ ವಿಳಾಸಗಳನ್ನು ಎಷ್ಟೋ ಕಡೆ ತಿಂಗಳಿಗೊಮ್ಮೆಯೂ ಯಾರೂ ತೆರೆಯುವುದಿಲ್ಲ. ಅಂಥ ಕಡೆ ಇದೇ ಎರಡು ಸಾಲನ್ನು ಅವರ ವ್ಯಾಪಾರದ ವಾಟ್ಸಾಪ್ ನಂಬರಿಗೆ ಕಳಿಸಬಹುದು, ಹಗಲು ಹೊತ್ತಲ್ಲಿ, ಒಂದೇ ಸಲ.

ನಾಲ್ಕೈದು ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಆಗಿ ಇನ್ನೊಂದು ಬರೆಯಿರಿ. "ನನ್ನ ಹಿಂದಿನ ಮೇಲ್ ನೋಡಿದಿರಾ" ಅಂತ ಬರೆದರೆ ಸಾಲ ವಸೂಲಿಯ ಧ್ವನಿ ಬರುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಪಟ್ಟಿಯಿಂದ ಎರಡನೆಯದನ್ನು ತೆಗೆಯಿರಿ: "ಸರ್, ಇನ್ನೊಂದು ಕಂಡಿತು. ಪುಡಿ ಹುರಿದ ದಿನಾಂಕ ಪುಟದಲ್ಲಿ ಎಲ್ಲೂ ಇಲ್ಲ. ಅದನ್ನೂ ಚಿತ್ರದಲ್ಲಿ ಸೇರಿಸಿದ್ದೇನೆ, ಕಳಿಸಲಾ?" ಅದಕ್ಕೂ ಸುದ್ದಿ ಇಲ್ಲದಿದ್ದರೆ ಮೂರನೆಯದು ಬರೆಯಬೇಡಿ, ಮುಂದಿನ ತೋಟದ ಪುಟ ತೆರೆಯಿರಿ.